‘ನೋವಾಗಿದ್ದರೆ’ ಎನ್ನದ ಒಂದು ಕ್ಷಮೆ

ಅಮೆರಿಕದ ನಟನೊಬ್ಬ ಟಿವಿಯಲ್ಲಿ ಕೂತು ಕ್ರಿಕೆಟ್ಟನ್ನು ಗೇಲಿ ಮಾಡಿದರೆ ಸಿಟ್ಟಾಗಬೇಕಾದವರು ಕ್ರಿಕೆಟ್ ಅಭಿಮಾನಿಗಳು. ಆದರೆ 2012ರ ಜೂನ್ ಆರಂಭದಲ್ಲಿ ಜೇಸನ್ ಅಲೆಕ್ಸಾಂಡರ್ ಮಾಡಿದ ಗೇಲಿಗೆ ನೊಂದುಕೊಂಡವರೇ ಬೇರೆ. ಆ ಗೇಲಿಯನ್ನು ಈಗ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅದಾದ ಒಂದೆರಡು ದಿನದಲ್ಲಿ ಆತ ಬರೆದ ಕ್ಷಮಾಪಣೆಯ ಪತ್ರವನ್ನು ಮಾತ್ರ, ಸಾರ್ವಜನಿಕವಾಗಿ ಕ್ಷಮೆ ಕೇಳುವುದು ಹೇಗೆ ಎಂಬ ಚರ್ಚೆ ಬಂದಾಗ ಇಂದಿಗೂ ಉದಾಹರಿಸುತ್ತಾರೆ.

ಅಲೆಕ್ಸಾಂಡರ್ ಸಾಮಾನ್ಯ ನಟನಲ್ಲ. 1989ರಿಂದ 1998ರವರೆಗೆ ಪ್ರಸಾರವಾದ ‘ಸೈನ್‌ಫೆಲ್ಡ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಜಾರ್ಜ್ ಕೊಸ್ಟಾಂಜಾ ಎಂಬ ಜಿಪುಣ, ಪುಕ್ಕಲ, ಸುಳ್ಳುಬುರುಕನ ಪಾತ್ರ ಮಾಡಿ ಅಮೆರಿಕದಲ್ಲಿ ಮನೆಮಾತಾದವನು. ಕ್ರೇಗ್ ಫರ್ಗ್ಯುಸನ್ ನಡೆಸುತ್ತಿದ್ದ ತಡರಾತ್ರಿಯ ಹರಟೆ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದ. ಮಾತು ಕ್ರಿಕೆಟ್ಟಿನ ಕಡೆ ಹೊರಳಿತು. ಬೇಸ್‌ಬಾಲ್ ಮತ್ತು ಕ್ರಿಕೆಟ್ಟನ್ನು ಅಕ್ಕಪಕ್ಕ ಇಟ್ಟು, ಚೆಂಡೆಸೆಯುವವನು ನಾಜೂಕಾಗಿ ಕುಣಿದುಕೊಂಡು ಬರುವಂತೆ ಅಭಿನಯಿಸಿ ತೋರಿಸಿ, ಇದು ‘ಗೇ’ ಆಟ, ಅಂದರೆ ಸಲಿಂಗಿಗಳ ಆಟ ಎಂದುಬಿಟ್ಟ. ಅಲ್ಲಿದ್ದವರು ನಕ್ಕರು. ಅಲೆಕ್ಸಾಂಡರ್ ಖುಷಿಯಾಗಿಯೇ ಮನೆಗೆ ಹೋದ.

ಆಮೇಲೆ ಟ್ವಿಟರ್‌ನಲ್ಲಿ ಆತನನ್ನು ಹಿಂಬಾಲಿಸುತ್ತಿದ್ದ ಕೆಲವರು, ತಾವು ಸಲಿಂಗಿಗಳೆಂದೂ ಆ ತಮಾಷೆಯಿಂದ ತಮಗೆ ಬೇಸರವಾಯಿತೆಂದೂ ತಿಳಿಸಿದರು. ಬೈಗುಳವಿರಲಿಲ್ಲ, ಬಹಿಷ್ಕಾರದ ಕರೆಯೂ ಇರಲಿಲ್ಲ. ಅಂಥ ಪ್ರತಿಕ್ರಿಯೆಯನ್ನು ಕಂಡೂ ಕಾಣದಂತೆ ಬಿಡುವುದು ಸುಲಭವಿತ್ತು. ‘ನಾನು ಹಾಗೆ ಅಂದುಕೊಂಡು ಹೇಳಿದ್ದಲ್ಲ, ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ’ ಎಂದು ಎರಡು ಸಾಲು ಹಾಕಿ ಮುಗಿಸುವುದು ಇನ್ನೂ ಸುಲಭವಿತ್ತು.

ಆತ ಮಾಡಿದ್ದು ಬೇರೆ. ಮೊದಲು ತನ್ನ ಸಲಿಂಗಿ ಸ್ನೇಹಿತರನ್ನೇ ಕೇಳಿದ. ಅವರಿಗೂ ಶುರುವಿನಲ್ಲಿ ತಪ್ಪು ಎಲ್ಲಿದೆ ಎಂದು ತಟ್ಟನೆ ಹೊಳೆಯಲಿಲ್ಲ. ಕೂತು ಬಿಡಿಸಿ ನೋಡಿದಾಗ ತಮಾಷೆಯ ಒಳಗಿನ ಲೆಕ್ಕ ಕಂಡಿತು. ನಯ ನಾಜೂಕಿನಿಂದ ಇರುವುದು ‘ನಿಜವಾದ ಗಂಡಸಿನ’ ಲಕ್ಷಣವಲ್ಲ, ನಾಜೂಕಾಗಿರುವವನು ಹೆಣ್ಣಿಗ, ಹೆಣ್ಣಿಗನೆಂದರೆ ಸಲಿಂಗಿ, ಅದಕ್ಕೇ ನಗು. ಈ ನಾಲ್ಕು ಮೆಟ್ಟಿಲನ್ನೂ ನೋಡುವವರು ಮೊದಲೇ ಹತ್ತಿಟ್ಟುಕೊಂಡಿದ್ದರೆ ಮಾತ್ರ ಆ ಜೋಕಿಗೆ ನಗು ಬರುತ್ತದೆ. ಅಂದರೆ ಅಲೆಕ್ಸಾಂಡರ್ ಹೊಸದಾಗಿ ಏನನ್ನೂ ಹೇಳಿರಲಿಲ್ಲ. ಶಾಲೆಯ ಅಂಗಳದಲ್ಲಿ, ಹಾಸ್ಟೆಲಿನಲ್ಲಿ ಎಷ್ಟೋ ಹುಡುಗರನ್ನು ಕಾಡಲು ಬಳಸುವ ಹಳೆಯ ನಂಬಿಕೆಯನ್ನು ಟಿವಿಯಲ್ಲಿ ಮತ್ತೊಮ್ಮೆ ಚಲಾವಣೆಗೆ ಬಿಟ್ಟಿದ್ದ.

ಪತ್ರದಲ್ಲಿ ಆತ ಬರೆದದ್ದು ಇದನ್ನೇ. ತಾನು ಯಾವ ಕಾರ್ಯಕ್ರಮದಲ್ಲಿ, ಯಾವುದರ ಬಗ್ಗೆ, ಏನು ಹೇಳಿದೆ ಎಂಬುದನ್ನು ಮೊದಲು ಬಿಡಿಸಿ ಹೇಳಿದ. ನೊಂದವರು ತಿಳಿಸಿದಾಗ ತನಗೆ ಅರ್ಥವಾಗಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆಮೇಲೆ ತಮಾಷೆಯ ಬುಡದಲ್ಲಿದ್ದ ಊಹೆ ಏನು, ಅದು ಯಾಕೆ ತಪ್ಪು ಎಂದು ವಿವರಿಸಿದ. ಇದು ಯಾರದೋ ಅತಿ ಸೂಕ್ಷ್ಮತೆಯ ಪ್ರಶ್ನೆಯಲ್ಲ ಎಂದು ತಾನೇ ಹೇಳಿದ. ‘ಗಂಡಸುತನ’ ಸಾಲದು ಎಂಬ ಕಾರಣಕ್ಕೆ ಅದೇ ಹೊತ್ತಿನಲ್ಲಿ ಎಷ್ಟೋ ಹುಡುಗ ಹುಡುಗಿಯರು ಬೈಗುಳ, ಹೊಡೆತ, ತಿರಸ್ಕಾರ ಅನುಭವಿಸುತ್ತಿದ್ದಾರೆ, ತನ್ನ ತಮಾಷೆ ಆ ಪೀಡನೆಗೆ ಕೈಜೋಡಿಸಿತು ಎಂದ. ಕೊನೆಗೆ, ಯಾವ ಷರತ್ತೂ ಇಲ್ಲದೆ ಕ್ಷಮೆ ಕೇಳಿದ.

ಈ ಪತ್ರದಲ್ಲಿ ಒಂದು ಅಪಾಯದ ಜಾಗವಿದೆ. ತಪ್ಪೊಪ್ಪಿಗೆಗಳು ಸಾಮಾನ್ಯವಾಗಿ ಜಾರಿ ಬೀಳುವುದು ಅಲ್ಲಿಯೇ. ನಡುವೆ ಅಲೆಕ್ಸಾಂಡರ್ ತನ್ನ ಬಾಲ್ಯದ ಮಾತೆತ್ತುತ್ತಾನೆ. 1970ರ ದಶಕದಲ್ಲಿ ಆಟೋಟಗಳನ್ನೇ ಕೊಂಡಾಡುವ ಊರಿನಲ್ಲಿ ಹಾಡು, ಕುಣಿತ, ನಾಟಕ ಎಂದು ಓಡಾಡುತ್ತಿದ್ದ ಹುಡುಗ ತಾನು. ಸಲಿಂಗಿ ಹುಡುಗರಿಗೆ ಬೀಳುತ್ತಿದ್ದ ಅದೇ ಹೀಯಾಳಿಕೆ ತನಗೂ ಬಿದ್ದಿತ್ತು, ಕೆಲವೊಮ್ಮೆ ಹೊಡೆತದ ಬೆದರಿಕೆಯೂ ಇತ್ತು ಎನ್ನುತ್ತಾನೆ. ಈ ಸಂಗತಿಯನ್ನು ಎರಡು ರೀತಿ ಬಳಸಬಹುದು. ‘ನಾನೂ ಅನುಭವಿಸಿದವನು, ನನ್ನನ್ನು ತಪ್ಪು ತಿಳಿಯಬೇಡಿ’ ಎಂದರೆ ಅದು ಗುರಾಣಿ. ‘ಅನುಭವಿಸಿಯೂ ನನಗೆ ಹೊಳೆಯಲಿಲ್ಲ, ಗೊತ್ತಿರಬೇಕಾಗಿತ್ತು’ ಎಂದರೆ ಅದು ತನ್ನ ಮೇಲೆ ತಾನೇ ಹೊರಿಸಿಕೊಂಡ ಇನ್ನೊಂದು ಆರೋಪ. ಅಲೆಕ್ಸಾಂಡರ್ ಎರಡನೆಯ ದಾರಿ ಹಿಡಿದ. ತನಗೆ ಸಲಿಂಗಿ ಗೆಳೆಯರಿದ್ದಾರೆ, ಅವರ ಹಕ್ಕಿನ ಪರವಾಗಿ ತಾನು ಮಾತಾಡಿದ್ದೇನೆ ಎಂಬುದನ್ನೂ ಅಲ್ಲಿಯೇ ಹೇಳಿದ. ಹೇಳಿದ್ದು ರಿಯಾಯಿತಿಗಾಗಿ ಅಲ್ಲ, ತನ್ನ ತಪ್ಪು ಇದರಿಂದ ಇನ್ನಷ್ಟು ದೊಡ್ಡದಾಯಿತು ಎನ್ನುವುದಕ್ಕೆ.

ಪತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಅದು ಉದ್ದವಾಯಿತು. ತನ್ನ ಉದ್ದೇಶ ಒಳ್ಳೆಯದಿತ್ತು ಎಂಬ ಮಾತೂ ಒಂದು ಕಡೆ ನುಸುಳಿದೆ. ಆದರೆ ಪತ್ರದ ಭಾರ ಆ ಮಾತಿನ ಮೇಲೆ ನಿಂತಿಲ್ಲ. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಅಲೆಕ್ಸಾಂಡರ್ ಎಂಥ ಒಳ್ಳೆಯವನು ಎಂಬುದಲ್ಲ, ಜೋಕು ಯಾರಿಗೆ, ಹೇಗೆ ತಾಗಿತು ಎಂಬುದು.

ಇದಕ್ಕೆ ಪಕ್ಕದಲ್ಲಿ ನಮ್ಮದೇ ರಾಜ್ಯದ ಒಂದು ಪ್ರಸಂಗವನ್ನಿಟ್ಟು ನೋಡಬಹುದು. 2021ರ ಡಿಸೆಂಬರ್ 16. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿತ್ತು. ಮಳೆ, ನೆರೆಯಿಂದಾದ ಬೆಳೆಹಾನಿಯ ಕುರಿತು ಮಾತಾಡಲು ಸದಸ್ಯರೆಲ್ಲರೂ ಸಮಯ ಕೇಳುತ್ತಿದ್ದರು. ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು, ಪರಿಸ್ಥಿತಿ ತಮ್ಮ ಹತೋಟಿಯಲ್ಲಿಲ್ಲ, ಎಲ್ಲದಕ್ಕೂ ಹೂಂ ಎನ್ನುತ್ತಾ ಆನಂದಿಸುವುದೊಂದೇ ದಾರಿ ಎಂಬರ್ಥದ ಮಾತಾಡಿದರು. ಹಿಂದೆ ಅದೇ ಪೀಠದಲ್ಲಿ ಕೂತಿದ್ದ ಹಿರಿಯ ಶಾಸಕ ಕೆ.ಆರ್. ರಮೇಶ್ ಕುಮಾರ್ ಎದ್ದು, ಅತ್ಯಾಚಾರವನ್ನು ತಪ್ಪಿಸಲಾಗದಿದ್ದರೆ ಮಲಗಿ ಆನಂದಿಸು ಎನ್ನುವ, ಇಂಗ್ಲಿಷಿನಲ್ಲಿ ಬಹುಕಾಲದಿಂದ ಓಡಾಡಿಕೊಂಡಿರುವ ಹೊಲಸು ಮಾತನ್ನು ನೆನಪಿಸಿದರು. ಸಭಾಧ್ಯಕ್ಷರು ನಕ್ಕರು. ಆ ದೃಶ್ಯ ದೇಶವೆಲ್ಲ ಓಡಾಡಿತು. ಸ್ವಪಕ್ಷದ ಮಹಿಳೆಯರೂ ಖಂಡಿಸಿದರು.

ರಮೇಶ್ ಕುಮಾರ್ ತಡಮಾಡಲಿಲ್ಲ. ತಮ್ಮ ಮಾತು ನಿರ್ಲಕ್ಷ್ಯದಿಂದ ಕೂಡಿತ್ತು ಎಂದು ಟ್ವೀಟ್ ಮಾಡಿ ಕ್ಷಮೆ ಕೇಳಿದರು. ಆ ಹೀನ ಅಪರಾಧವನ್ನು ಹಗುರ ಮಾಡುವ ಉದ್ದೇಶ ತಮಗಿರಲಿಲ್ಲ, ಅದು ಹಾಗೇ ಬಾಯಿಗೆ ಬಂದ ಮಾತು, ಇನ್ನು ಮುಂದೆ ಪದಗಳನ್ನು ಎಚ್ಚರದಿಂದ ಆರಿಸಿಕೊಳ್ಳುತ್ತೇನೆ ಎಂದರು. ಮರುದಿನ ಸದನದಲ್ಲಿಯೂ ಕ್ಷಮೆ ಕೇಳಿದರು; ತಮ್ಮ ಮಾತಿನಿಂದ ಮಹಿಳೆಯರಿಗೆ ನೋವಾಗಿದ್ದರೆ ಕ್ಷಮೆ ಕೇಳಲು ಅಡ್ಡಿಯಿಲ್ಲ ಎಂಬ ಧಾಟಿಯಲ್ಲಿ. ಅವರು ಕ್ಷಮೆ ಕೇಳಿಯಾಗಿದೆ, ಮತ್ತೆ ಎಳೆಯುವುದು ಬೇಡ ಎಂದು ಸಭಾಧ್ಯಕ್ಷರು ಆ ವಿಷಯವನ್ನು ಅಲ್ಲಿಗೆ ಮುಗಿಸಿದರು.

ಈ ಕ್ಷಮೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅವರು ಒಂದು ದಿನದೊಳಗೆ ಕೇಳಿದರು. ಕಾರ್ಯದರ್ಶಿಯ ಕೈಲಿ ಹೇಳಿಕೆ ಕೊಡಿಸಲಿಲ್ಲ. ಮಾತಾಡಿದ ಜಾಗದಲ್ಲಿಯೇ ನಿಂತು, ತಮ್ಮ ಬಾಯಿಂದಲೇ ಕೇಳಿದರು. ‘ಮಾಧ್ಯಮದವರು ತಿರುಚಿದರು’ ಎಂಬ ಸಿದ್ಧ ಉತ್ತರಕ್ಕೆ ಕೈಹಾಕಲಿಲ್ಲ. ನಮ್ಮ ರಾಜಕಾರಣದಲ್ಲಿ ಇಷ್ಟಾದರೂ ಅಪರೂಪ.

ಆದರೂ ಅದು ಮನಸ್ಸಿಗೆ ಇಳಿಯಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅತ್ಯಾಚಾರಕ್ಕೊಳಗಾದ ಹೆಣ್ಣು ಮನಸ್ಸು ಮಾಡಿದರೆ ಅದನ್ನು ಸುಖವಾಗಿ ಪರಿವರ್ತಿಸಿಕೊಳ್ಳಬಹುದು ಎನ್ನುವುದು ಆ ಮಾತಿನ ಒಳಗಿನ ಹೂರಣ. ‘ನೀನೇಕೆ ಕಿರುಚಲಿಲ್ಲ, ಏಕೆ ಪ್ರತಿಭಟಿಸಲಿಲ್ಲ’ ಎಂದು ಸಂತ್ರಸ್ತೆಯನ್ನು ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದ ಕಟಕಟೆಯಲ್ಲಿ ಕಾಡುವ ಪ್ರಶ್ನೆಯ ಬೇರು ಇರುವುದೂ ಅಲ್ಲಿಯೇ. ಕಾನೂನು ಮಾಡುವ ಸದನದಲ್ಲಿ ಆ ನಂಬಿಕೆ ನಗೆಯ ವಸ್ತುವಾಯಿತು. ಕ್ಷಮೆಯಲ್ಲಿ ಇದರ ಪ್ರಸ್ತಾಪವೇ ಬರಲಿಲ್ಲ. ಬಂದದ್ದು ಉದ್ದೇಶದ ಮಾತು, ಬಾಯ್ತಪ್ಪಿನ ಮಾತು, ಪದಗಳ ಆಯ್ಕೆಯ ಮಾತು. ಇಲ್ಲಿ ತಪ್ಪಿದ್ದು ಪದವಲ್ಲ. ಅದೇ ವಿಚಾರವನ್ನು ಎಷ್ಟೇ ಸಭ್ಯ ಪದಗಳಲ್ಲಿ ಹೇಳಿದ್ದರೂ ಅದು ಅಷ್ಟೇ ಕೆಟ್ಟದ್ದಾಗಿರುತ್ತಿತ್ತು. 2019ರ ಫೆಬ್ರುವರಿಯಲ್ಲಿ, ಸಭಾಧ್ಯಕ್ಷರಾಗಿದ್ದಾಗ, ಒಂದು ಆಡಿಯೊ ಪ್ರಕರಣದಲ್ಲಿ ತಮ್ಮ ಹೆಸರು ಮತ್ತೆ ಮತ್ತೆ ಬರುತ್ತಿದ್ದುದಕ್ಕೆ ಬೇಸತ್ತು ಅವರು ತಮ್ಮ ಸ್ಥಿತಿಯನ್ನು ಅತ್ಯಾಚಾರ ಸಂತ್ರಸ್ತೆಯ ಸ್ಥಿತಿಗೆ ಹೋಲಿಸಿದ್ದರು. ಹಾಗಾಗಿ ‘ಹಾಗೇ ಬಾಯಿಗೆ ಬಂತು’ ಎಂಬ ವಿವರಣೆಯನ್ನು ಜನ ಒಪ್ಪುವುದು ಇನ್ನೂ ಕಷ್ಟವಾಯಿತು.

ಇನ್ನು ಆ ‘ನೋವಾಗಿದ್ದರೆ’. ಕನ್ನಡದಲ್ಲಿ ಇದು ಎಷ್ಟು ಸಲೀಸಾಗಿ ಬರುತ್ತದೆಂದರೆ ಆಡುವವರಿಗೆ ಅದರಲ್ಲಿ ಷರತ್ತು ಇದೆ ಎಂದೇ ತೋರುವುದಿಲ್ಲ. ವಿನಯದ ಮಾತು ಎಂದೇ ಅಂದುಕೊಂಡಿರುತ್ತಾರೆ. ಕೇಳುವವರಿಗೆ ಮಾತ್ರ ಹಾಗೆ ಕೇಳಿಸುವುದಿಲ್ಲ. ನೋವಾಯಿತು ಎಂದು ಜನ ಹೇಳಿದ ಮೇಲೂ ‘ಆಗಿದ್ದರೆ’ ಎಂದರೆ, ಅವರ ಮಾತನ್ನು ಇನ್ನೂ ನಂಬಿಲ್ಲವೆಂದಾಗುತ್ತದೆ. ಜೊತೆಗೆ, ತಪ್ಪು ಆಡಿದ ಮಾತಿನಿಂದ ಜಾರಿ ನೊಂದವರ ಮನಸ್ಸಿನೊಳಕ್ಕೆ ಹೋಗಿಬಿಡುತ್ತದೆ: ಮಾತಿನಲ್ಲಿ ದೋಷವಿಲ್ಲ, ನಿಮಗೆ ಬೇಗ ನೋವಾಗುತ್ತದೆ, ಅಷ್ಟೆ.

ವಾತಾವರಣದ ಮೇಲೆ ಭಾರ ಹಾಕುವುದು ಇನ್ನೊಂದು ಬಗೆಯ ಜಾರಿಕೆ. 2019ರ ಜನವರಿಯಲ್ಲಿ ಹಾರ್ದಿಕ್ ಪಾಂಡ್ಯ, ನಮ್ಮ ಕೆ.ಎಲ್. ರಾಹುಲ್ ಜೊತೆ ಕರಣ್ ಜೋಹರ್ ಅವರ ಟಿವಿ ಕಾರ್ಯಕ್ರಮದಲ್ಲಿ ಕೂತು ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಹರಟಿದರು. ಗಲಾಟೆಯಾದ ಮೇಲೆ ಕ್ಷಮೆ ಕೇಳುತ್ತಾ ಪಾಂಡ್ಯ, ಕಾರ್ಯಕ್ರಮದ ಸ್ವರೂಪವೇ ಹಾಗಿದ್ದರಿಂದ ತಾನು ಸ್ವಲ್ಪ ಮೈಮರೆತೆ ಎಂಬ ಅರ್ಥದ ಮಾತು ಸೇರಿಸಿದರು. ಕ್ಷಮೆಯ ಕಥೆಯಲ್ಲಿ ಹೊಸ ಆರೋಪಿ ಹುಟ್ಟಿಕೊಂಡ: ಕಾರ್ಯಕ್ರಮ. ಕ್ರಿಕೆಟ್ ಮಂಡಳಿ ಅದರಿಂದ ತೃಪ್ತವಾಗಲಿಲ್ಲ. ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ಆಮೇಲೆ ಇಬ್ಬರೂ ಬೇಷರತ್ ಕ್ಷಮೆ ಕೇಳಿದರು. ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್ ನ್ಯಾಯಮೂರ್ತಿ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು.

ಕ್ಷಮೆಯಲ್ಲಿ ಯಾವ ಅಂಶ ಹೆಚ್ಚು ತೂಗುತ್ತದೆ ಎಂಬುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 755 ಜನ ಭಾಗವಹಿಸಿದ್ದರು. ಕ್ಷಮೆಯನ್ನು ಆರು ಅಂಶಗಳಾಗಿ ಬಿಡಿಸಿದ್ದರು: ವಿಷಾದ, ನಡೆದದ್ದರ ವಿವರಣೆ, ತಪ್ಪು ನನ್ನದೆಂಬ ಒಪ್ಪಿಗೆ, ಮರುಕಳಿಸುವುದಿಲ್ಲವೆಂಬ ಮಾತು, ನಷ್ಟ ತುಂಬಿಕೊಡುವ ಕ್ರಮ, ಕ್ಷಮಿಸಿ ಎಂಬ ಕೋರಿಕೆ. ಜನ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟದ್ದು ತಪ್ಪು ನನ್ನದೆಂಬ ಒಪ್ಪಿಗೆಗೆ. ಅದರ ನಂತರದ ಸ್ಥಾನ ಸರಿಪಡಿಸುವ ಕ್ರಮಕ್ಕೆ. ಎಲ್ಲಕ್ಕಿಂತ ಕಡಿಮೆ ಬೆಲೆ ಬಂದದ್ದು ‘ದಯವಿಟ್ಟು ಕ್ಷಮಿಸಿ’ ಎಂಬ ಕೋರಿಕೆಗೆ.

ಈ ಅಧ್ಯಯನಕ್ಕೆ ತನ್ನದೇ ಮಿತಿಯಿದೆ. ಭಾಗವಹಿಸಿದವರು ಸ್ವತಃ ನೊಂದವರಲ್ಲ. ತೆರಿಗೆ ಲೆಕ್ಕ ತಪ್ಪಾಗಿ ಸಲ್ಲಿಸಿದ ಉದ್ಯೋಗಾರ್ಥಿಯೊಬ್ಬನ ಕಲ್ಪಿತ ಪ್ರಸಂಗ ಓದಿ ಅಂಕ ಕೊಟ್ಟವರು. ಆದರೆ ಅದರಲ್ಲಿ ಕಂಡ ಇನ್ನೊಂದು ಸಂಗತಿ ಜೋಕಿನ ವಿಷಯಕ್ಕೂ ಹೊಂದುತ್ತದೆ. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕೇಳಿದ ಕ್ಷಮೆಯನ್ನು ಒಪ್ಪಿಕೊಂಡಷ್ಟು ಸುಲಭವಾಗಿ, ಗೊತ್ತಿದ್ದೂ ಮಾಡಿದ ತಪ್ಪಿಗೆ ಕೇಳಿದ ಕ್ಷಮೆಯನ್ನು ಜನ ಒಪ್ಪಿಕೊಳ್ಳಲಿಲ್ಲ. ತಮಾಷೆ ಮಾಡಿದವರೆಲ್ಲ ‘ಗೊತ್ತಿರಲಿಲ್ಲ’ ಎಂದು ವಾದಿಸಲು ಹೊರಡುವುದು ಬಹುಶಃ ಅದಕ್ಕೇ. ಆ ವಾದ ಎರಡು ವಾಕ್ಯ ದಾಟಿದರೆ ಕ್ಷಮೆ ಹೋಗಿ ಸಮರ್ಥನೆಯಾಗುತ್ತದೆ.

ಇದೆಲ್ಲ ಬರೆಯುವಾಗ ಹೇಗೆ ಕೆಲಸಕ್ಕೆ ಬರುತ್ತದೆ? ಒಂದು ಕಲ್ಪಿತ ಸಂದರ್ಭ ತೆಗೆದುಕೊಳ್ಳೋಣ. ಬೆಂಗಳೂರಿನ ಬಡಾವಣೆಯೊಂದರಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ನಿರೂಪಕ ವೇದಿಕೆಯ ಮೇಲೆ ನಿಂತು ಕಲಬುರಗಿ ಕಡೆಯ ಮಾತಿನ ಧಾಟಿಯನ್ನು ಅಣಕಿಸಿ, ಕಟ್ಟಡದ ಕೆಲಸಕ್ಕೆ ಬಂದವರೆಲ್ಲ ಹೀಗೇ ಮಾತಾಡುತ್ತಾರೆ ಎಂದು ನಗಿಸುತ್ತಾನೆ. ಅಂಥ ಮನೆಗಳಿಂದ ಬಂದ ಮಕ್ಕಳೂ ಸಭೆಯಲ್ಲಿ ಕೂತಿರುತ್ತಾರೆ. ಮರುದಿನ ಆಕ್ಷೇಪ ಬಂದಾಗ ಆತನ ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

‘ನಿನ್ನೆ ನಾನು ಆಡಿದ ಮಾತನ್ನು ಕೆಲವರು ತಪ್ಪಾಗಿ ಭಾವಿಸಿದ್ದಾರೆ. ನನಗೆ ಎಲ್ಲಾ ಭಾಗದ ಕನ್ನಡದ ಮೇಲೂ ಅಪಾರ ಗೌರವವಿದೆ. ನನ್ನ ಹೆಂಡತಿಯ ಊರು ಬೀದರ್. ಹಾಸ್ಯವನ್ನು ಹಾಸ್ಯವಾಗಿ ತೆಗೆದುಕೊಳ್ಳಬೇಕೆಂದು ವಿನಂತಿ. ಆದರೂ ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’

ಐದು ವಾಕ್ಯ. ಮೊದಲನೆಯದು ಕೇಳಿಸಿಕೊಂಡವರ ತಪ್ಪು ಎನ್ನುತ್ತದೆ. ಎರಡನೆಯದು, ಮೂರನೆಯದು ಆತನ ಗುಣಕ್ಕೆ ಆತನೇ ಕೊಟ್ಟುಕೊಂಡ ಪ್ರಮಾಣಪತ್ರ. ನಾಲ್ಕನೆಯದು ಉಪದೇಶ. ಐದನೆಯದು ಷರತ್ತು. ಏನು ಹೇಳಿದ್ದೆ ಎಂಬುದು ಎಲ್ಲಿಯೂ ಇಲ್ಲ. ಯಾರಿಗೆ ತಾಗಿತು ಎಂಬುದೂ ಇಲ್ಲ. ಅಲೆಕ್ಸಾಂಡರ್ ಮಾಡಿದಂತೆ ನೊಂದವರಲ್ಲಿ ಒಬ್ಬಿಬ್ಬರನ್ನು ಮಾತಾಡಿಸಿ, ತಮಾಷೆಯನ್ನು ಬಿಡಿಸಿ ನೋಡಿ ಬರೆದಿದ್ದರೆ ಹೀಗಾಗುತ್ತಿತ್ತು:

‘ನಿನ್ನೆ ವೇದಿಕೆಯಲ್ಲಿ ನಾನು ಕಲಬುರಗಿ ಕಡೆಯ ಮಾತನ್ನು ಅಣಕಿಸಿದೆ. ಅದನ್ನು ಕೂಲಿಯವರ ಭಾಷೆ ಎಂದು ಹೇಳಿ ನಗಿಸಿದೆ. ಒಂದು ಸೀಮೆಯ ಕನ್ನಡ ಕೀಳು, ಕೂಲಿ ಮಾಡುವವರೂ ಕೀಳು ಎಂದುಕೊಂಡರೆ ಮಾತ್ರ ನಗು ಬರುವ ಮಾತದು. ಆ ಮಾತನ್ನೇ ಮನೆಯಲ್ಲಿ ಆಡುವ ಮಕ್ಕಳು ಎದುರಿಗೆ ಕೂತಿದ್ದರು. ನಾಳೆ ಶಾಲೆಯಲ್ಲಿ ಬಾಯಿ ಬಿಡಲು ಅವರು ಹಿಂಜರಿದರೆ ಅದಕ್ಕೆ ನಾನು ಕಾರಣ. ತಪ್ಪು ಮಾಡಿದ್ದೇನೆ. ಆ ಮಕ್ಕಳನ್ನೂ ಅವರ ಹೆತ್ತವರನ್ನೂ ಕ್ಷಮೆ ಕೇಳುತ್ತೇನೆ. ಕಾರ್ಯಕ್ರಮದ ವಿಡಿಯೊದಿಂದ ಆ ಭಾಗ ತೆಗೆಸಿದ್ದೇನೆ. ಈ ಬಗೆಯ ಅಣಕವನ್ನು ಇನ್ನು ನಿರೂಪಣೆಯಲ್ಲಿ ಮಾಡುವುದಿಲ್ಲ. ಬರುವ ಭಾನುವಾರ ಸಂಘದ ಸಭೆಯಲ್ಲಿ ಇದನ್ನೇ ಎಲ್ಲರೆದುರು ಹೇಳುತ್ತೇನೆ.’

ಇಲ್ಲಿ ಹೆಂಡತಿಯ ಊರು ಬಂದಿಲ್ಲ. ಆತನ ಉದ್ದೇಶ ಏನಿತ್ತೆಂಬುದೂ ಬಂದಿಲ್ಲ, ಯಾಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ. ಕೊನೆಯ ಮೂರು ವಾಕ್ಯಗಳು ಯಾರು ಬೇಕಾದರೂ ಹೋಗಿ ಪರೀಕ್ಷಿಸಬಹುದಾದವು. ಒಂದು ಎಚ್ಚರಿಕೆಯೂ ಬೇಕು: ಆಡಿದ್ದನ್ನು ಹೇಳಬೇಕೆಂದರೆ ಅಣಕವನ್ನು ಯಥಾವತ್ತಾಗಿ ಮತ್ತೆ ಮಾಡಿ ತೋರಿಸುವುದಲ್ಲ. ಯಾವುದರ ಬಗ್ಗೆ, ಯಾವ ಬಗೆಯ ಮಾತು ಎಂದು ಸ್ಪಷ್ಟವಾದರೆ ಸಾಕು. ಇಲ್ಲದಿದ್ದರೆ ಕ್ಷಮೆಯ ಹೆಸರಲ್ಲಿ ಅದೇ ಪೆಟ್ಟು ಎರಡನೇ ಸಲ ಬೀಳುತ್ತದೆ.

ಇಷ್ಟೆಲ್ಲ ಸರಿಯಾಗಿ ಕೇಳಿದ ಕ್ಷಮೆಯೂ ಆಮೇಲೆ ಕೆಡಬಹುದು. ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದಲ್ಲಿ 2018ರ ನವೆಂಬರ್ 3ರಂದು ಹಾಸ್ಯಗಾರ ಪೀಟ್ ಡೇವಿಡ್‌ಸನ್, ಚುನಾವಣೆಗೆ ನಿಂತಿದ್ದ ಡ್ಯಾನ್ ಕ್ರೆನ್‌ಶಾ ಅವರ ಕಣ್ಣಿನ ಪಟ್ಟಿಯನ್ನು ಗೇಲಿ ಮಾಡಿದ. ಯುದ್ಧದಲ್ಲೋ ಮತ್ತೆಲ್ಲೋ ಕಣ್ಣು ಹೋಯಿತಂತೆ ಎಂಬ ಉಡಾಫೆಯ ಮಾತೂ ಸೇರಿತು. ನೌಕಾಪಡೆಯ ಕಮಾಂಡೊ ಆಗಿದ್ದ ಕ್ರೆನ್‌ಶಾ 2012ರಲ್ಲಿ ಅಫ್ಘಾನಿಸ್ತಾನದ ಬಾಂಬ್ ಸ್ಫೋಟದಲ್ಲಿ ಬಲಗಣ್ಣು ಕಳೆದುಕೊಂಡವರು. ಒಂದು ವಾರದ ನಂತರ ಅದೇ ವೇದಿಕೆಯಲ್ಲಿ ಡೇವಿಡ್‌ಸನ್ ಕ್ಷಮೆ ಕೇಳಿದ. ಅಷ್ಟರಲ್ಲಿ ಚುನಾವಣೆ ಗೆದ್ದಿದ್ದ ಕ್ರೆನ್‌ಶಾ ಪಕ್ಕದಲ್ಲಿ ಬಂದು ಕೂತು, ಆತನ ರೂಪವನ್ನು ತಾವೂ ಗೇಲಿ ಮಾಡಿ ಸಮಾಧಾನ ತೀರಿಸಿಕೊಂಡರು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದ ಡೇವಿಡ್‌ಸನ್‌ನ ತಂದೆ, ಅಗ್ನಿಶಾಮಕ ದಳದ ಸಿಬ್ಬಂದಿಯನ್ನು ಗೌರವದಿಂದ ನೆನೆದರು. ನೋಡಿದವರಿಗೆ ಅದು ಮಾದರಿ ರಾಜಿಯಂತೆ ಕಂಡಿತು.

2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ತನ್ನ ಕಾರ್ಯಕ್ರಮದಲ್ಲಿ ಡೇವಿಡ್‌ಸನ್ ಆ ಮಾತನ್ನು ಹಿಂತೆಗೆದುಕೊಂಡ. ತನ್ನನ್ನು ಒತ್ತಾಯಿಸಿ ಕ್ಷಮೆ ಕೇಳಿಸಿದರು ಎಂದ. ಗಮನಿಸಬೇಕಾದ್ದೆಂದರೆ, ತಾವು ಕ್ಷಮೆಗೆ ಪಟ್ಟು ಹಿಡಿಯಲಿಲ್ಲ ಎಂದು ಕ್ರೆನ್‌ಶಾ ಹಿಂದೆಯೇ ಪತ್ರಿಕೆಯಲ್ಲಿ ಬರೆದಿದ್ದರು. ಯಾವುದೋ ಒತ್ತಡದಿಂದ ಬಂದ ಕ್ಷಮೆಗೆ ಇಂಥ ಗಂಡಾಂತರ ತಪ್ಪಿದ್ದಲ್ಲ. ಮನಸ್ಸಿಗೆ ಇನ್ನೂ ಒಪ್ಪಿಗೆಯಾಗದಿದ್ದರೆ ಎರಡು ದಿನ ಸುಮ್ಮನಿದ್ದು, ನೊಂದವರ ಮಾತು ಕೇಳಿ, ಆಮೇಲೆ ಬಾಯಿ ತೆರೆಯುವುದು ಮೇಲು. ತಾನು ಹೇಳಬೇಕಾದ್ದನ್ನು ಹೇಳಿಯಾದ ಮೇಲೆ, ಎದುರಿನವರಿಗೆ ಅದು ಅರ್ಥವಾಗಿದೆ ಎನಿಸಿದ ಮೇಲೆ ಬಂದ ಕ್ಷಮೆ ನೊಂದವರಿಗೆ ಹೆಚ್ಚು ಹಿತವೆನಿಸುತ್ತದೆ ಎಂದು 2005ರಲ್ಲಿ ಸಿಂಥಿಯಾ ಫ್ರಾಂಟ್ಜ್ ಮತ್ತು ಕೋರ್ಟ್ನಿ ಬೆನಿಗ್‌ಸನ್ ಪ್ರಕಟಿಸಿದ ಅಧ್ಯಯನವೂ ಹೇಳುತ್ತದೆ.

ಭಾರತದಲ್ಲಿ ಈಗ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯುಕ್ಷಯದ ಕಾಯಿಲೆಯ ಮಕ್ಕಳಿಗೆ ಬೇಕಾಗುವ, ಕೋಟಿಗಟ್ಟಲೆ ಬೆಲೆಯ ಚುಚ್ಚುಮದ್ದನ್ನು ಜೋಕಿಗೆ ಬಳಸಿದ್ದಕ್ಕೆ ಮತ್ತು ಅಂಗವಿಕಲರನ್ನು ಗೇಲಿ ಮಾಡಿದ್ದಕ್ಕೆ, ಅಂಥ ರೋಗಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆ ದೂರು ತಂದಿತ್ತು. ಸಮಯ್ ರೈನಾ ಸೇರಿ ಐವರು ಹಾಸ್ಯಗಾರರು ತಮ್ಮ ಯೂಟ್ಯೂಬ್ ಚಾನೆಲ್‌ಗಳಲ್ಲಿ ಬೇಷರತ್ ಕ್ಷಮೆ ಕೇಳಬೇಕೆಂದು 2025ರ ಆಗಸ್ಟ್‌ನಲ್ಲಿ ಕೋರ್ಟು ಹೇಳಿತು. ನಗಿಸಿದ ಜಾಗದಲ್ಲಿಯೇ, ಅದೇ ಪ್ರೇಕ್ಷಕರೆದುರು ಕ್ಷಮೆ ಎಂಬುದು ಇಲ್ಲಿಯ ನಡೆ. ಕೋರ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ನವೆಂಬರ್‌ನಲ್ಲಿ, ಆ ಕಾಯಿಲೆಯವರ ಚಿಕಿತ್ಸೆಗೆ ಹಣ ಕೂಡಿಸಲು ಕಾರ್ಯಕ್ರಮಗಳನ್ನು ನಡೆಸುವಂತೆಯೂ ಸೂಚಿಸಿತು.

ಕೋರ್ಟಿನ ಆದೇಶದಿಂದ ಬಂದ ಕ್ಷಮೆಯಲ್ಲಿ ಮನಸ್ಸು ಎಷ್ಟಿದೆ ಎಂದು ಅಳೆಯುವ ಸಾಧನ ಯಾರ ಬಳಿಯೂ ಇಲ್ಲ. ತಮಾಷೆಗೆಲ್ಲ ಕೋರ್ಟು ಕೈಹಾಕಿದರೆ ಹಾಸ್ಯ ಉಳಿಯುವುದೇ ಎಂಬ ಆತಂಕವೂ ನ್ಯಾಯವಾದದ್ದೇ. ಆದರೆ ನಿಧಿ ಕೂಡಿಸುವ ಸೂಚನೆಯಲ್ಲಿ ಒಂದು ವಿವೇಕವಿದೆ. ಯಾವ ಚುಚ್ಚುಮದ್ದಿನ ಬೆಲೆ ನಗೆಯ ಸರಕಾಯಿತೋ ಆ ಬೆಲೆಗೇ ಹಣ ಸೇರಿಸುವ ಕೆಲಸ ಅದು. ಲೆವಿಕಿಯ ಅಧ್ಯಯನದಲ್ಲಿ ಎರಡನೆಯ ಸ್ಥಾನ ಪಡೆದ ಸರಿಪಡಿಸುವ ಕ್ರಮ ಇದೇ. ಸಂಬಂಧವಿಲ್ಲದ ಯಾವುದೋ ಅನಾಥಾಶ್ರಮಕ್ಕೆ ದೇಣಿಗೆ ಕೊಟ್ಟು ಫೋಟೊ ಹಾಕಿಸಿಕೊಳ್ಳುವುದಕ್ಕೂ ಇದಕ್ಕೂ ಬಹಳ ಅಂತರ.

ಎಲ್ಲ ಸರಿಯಾಗಿ ಕೇಳಿದ ಮೇಲೂ ಕ್ಷಮೆ ಸಿಗದಿರಬಹುದು. ಕೊಡುವುದು ಬಿಡುವುದು ನೊಂದವರಿಗೆ ಬಿಟ್ಟದ್ದು. ‘ಕ್ಷಮೆ ಕೇಳಿದ್ದೇನಲ್ಲ, ಇನ್ನೇನು ಬೇಕು’ ಎಂಬ ಮಾತು ಹೊರಟಿತೆಂದರೆ, ಕೇಳಿದ್ದು ಕ್ಷಮೆಯಲ್ಲ, ವಿಷಯಕ್ಕೆ ಮಂಗಳ ಹಾಡುವ ಅನುಮತಿ ಎಂದು ತಿಳಿಯುತ್ತದೆ. ಕಾನೂನಿನ ದೃಷ್ಟಿಯಿಂದಲೂ ಅಷ್ಟೆ: ದೂರು ದಾಖಲಾಗಿದ್ದರೆ ಕ್ಷಮೆ ಕೇಳಿದ ಮಾತ್ರಕ್ಕೆ ಅದು ತಾನಾಗಿ ಬಿದ್ದುಹೋಗುವುದಿಲ್ಲ.

ಮುಂದಿನ ಸಲ ಯಾರದಾದರೂ ಕ್ಷಮಾಪಣೆ ಪತ್ರಿಕೆಯಲ್ಲಿ ಕಂಡಾಗ ಓದುಗರು ಪೆನ್ಸಿಲ್ ಹಿಡಿದು ಒಂದು ಪರೀಕ್ಷೆ ಮಾಡಿ ನೋಡಬಹುದು. ತಮ್ಮ ಉದ್ದೇಶ, ತಮ್ಮ ಒಳ್ಳೆಯತನ, ಸಂದರ್ಭ, ತಪ್ಪು ತಿಳಿದವರು, ‘ಆಗಿದ್ದರೆ’ ಇವುಗಳ ಕುರಿತ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ಏನು ಹೇಳಿದೆ, ಯಾರಿಗೆ ಹೇಗೆ ತಾಗಿತು, ಈಗ ಏನು ಮಾಡುತ್ತೇನೆ ಎಂಬ ಮೂರು ಸಂಗತಿ ಆಮೇಲೂ ಕಾಗದದ ಮೇಲೆ ಉಳಿದಿದ್ದರೆ ಆ ಕ್ಷಮೆಯನ್ನು ನಂಬಲು ಕಾರಣವಿದೆ. ಕ್ಷಮೆ ಕೇಳಬೇಕಾದವರು ನೀವೇ ಆಗಿದ್ದರೆ, ಕಳುಹಿಸುವ ಮೊದಲು ಅದೇ ಪೆನ್ಸಿಲನ್ನು ನಿಮ್ಮ ಕರಡಿನ ಮೇಲೂ ಆಡಿಸಿ.